ಕಡಿಮೆ ಫಾಡ್‌ಮ್ಯಾಪ್ ಆಹಾರ ಯೋಜನೆ: ಆಹಾರ ಮೌಲ್ಯಮಾಪನ, ಹಂತಗಳು ಮತ್ತು ಮರುಪರಿಚಯದ ಟಿಪ್ಪಣಿ

ದಾವಣಗೆರೆಯ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 34, ಎತ್ತರ 156 ಸೆಂ.ಮೀ., ತೂಕ 54 ಕಿಲೋ. ಐಬಿಎಸ್, ಅಂದರೆ ಕೆರಳುವ ಕರುಳಿನ ತೊಂದರೆ, ಭೇದಿ ಪ್ರಧಾನ.

ಈ ಟಿಪ್ಪಣಿಯನ್ನು ನಿಮಗೂ, ಮನೆಯಲ್ಲಿ ಅಡುಗೆ ನೋಡಿಕೊಳ್ಳುವ ನಿಮ್ಮ ಅತ್ತೆಯವರಿಗೂ ಒಟ್ಟಿಗೆ ಓದಲು ಅನುಕೂಲವಾಗಲೆಂದು ಬರೆದಿದ್ದೇನೆ. ಆರಂಭದಲ್ಲಿಯೇ ಒಂದು ವಿಷಯ ಸ್ಪಷ್ಟವಾಗಿರಲಿ: ಇದು ಜೀವನಪೂರ್ತಿ ಪಾಲಿಸುವ ಪಥ್ಯವಲ್ಲ. ಯಾವ ಆಹಾರ ಎಷ್ಟು ಪ್ರಮಾಣದಲ್ಲಿ ನಿಮ್ಮ ಕರುಳಿಗೆ ಒಗ್ಗುತ್ತದೆ ಎಂಬುದನ್ನು ಕಂಡುಕೊಳ್ಳಲು ಕೆಲವು ವಾರಗಳ ಕಾಲ ನಡೆಸುವ ಪರೀಕ್ಷೆ ಇದು. ಕೆಲವು ಆಹಾರಗಳನ್ನು ಬಿಡುವ ಮೊದಲ ಹಂತದಲ್ಲಿ ಆರಾಮವೆನಿಸಿದ ಮೇಲೆ ಹಲವರು ಅಲ್ಲಿಯೇ ನಿಂತುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೌಲ್ಯಮಾಪನ

ನಿಮ್ಮ ಜೀರ್ಣಾಂಗ ತಜ್ಞರು ರೋಮ್ 4 ಮಾನದಂಡದ ಆಧಾರದಲ್ಲಿ ಐಬಿಎಸ್ ಎಂದು ಗುರುತಿಸಿದ್ದಾರೆ. ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಕನಿಷ್ಠ ಒಂದು ದಿನ ಹೊಟ್ಟೆನೋವು ಇದ್ದು, ಮಲವಿಸರ್ಜನೆಯೊಂದಿಗಿನ ನಂಟು, ಮಲದ ಸ್ವರೂಪದ ಬದಲಾವಣೆ, ಎಷ್ಟು ಬಾರಿ ಹೋಗಬೇಕಾಗುತ್ತದೆ ಎಂಬುದರ ಬದಲಾವಣೆ, ಈ ಮೂರರಲ್ಲಿ ಕನಿಷ್ಠ ಎರಡು ಕಂಡುಬರಬೇಕು ಮತ್ತು ತೊಂದರೆ ಆರು ತಿಂಗಳ ಹಿಂದೆಯೇ ಆರಂಭವಾಗಿರಬೇಕು ಎಂಬುದು ಆ ಮಾನದಂಡ. ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಸೀಲಿಯಾಕ್ ರೋಗದ ರಕ್ತಪರೀಕ್ಷೆಯನ್ನು ನೀವು ಗೋಧಿ ತಿನ್ನುತ್ತಿದ್ದಾಗಲೇ ಮಾಡಿಸಿದ್ದೀರಿ, ಫಲಿತಾಂಶ ಋಣಾತ್ಮಕವಾಗಿದೆ. ಇದನ್ನು ಬರೆದಿಡಲು ಕಾರಣವಿದೆ. ಗೋಧಿ ಬಿಟ್ಟ ಮೇಲೆ ಆ ಪರೀಕ್ಷೆ ಮಾಡಿಸಿದರೆ ರೋಗವಿದ್ದರೂ ಕಾಣದೇ ಹೋಗಬಹುದು. ಮಲದಲ್ಲಿ ರಕ್ತ, ರಕ್ತಹೀನತೆ, ಜ್ವರ, ರಾತ್ರಿ ನಿದ್ರೆಯಿಂದ ಎಬ್ಬಿಸುವ ಭೇದಿ, ಕುಟುಂಬದಲ್ಲಿ ಕರುಳಿನ ಕ್ಯಾನ್ಸರ್, ಇವು ಯಾವುವೂ ನಿಮ್ಮಲ್ಲಿಲ್ಲ.

ನೀವು ತಂದ ಏಳು ದಿನಗಳ ಆಹಾರ ದಿನಚರಿ ಬಹಳ ಉಪಯುಕ್ತವಾಗಿತ್ತು. ಬೆಳಿಗ್ಗೆ ಚಿಕೋರಿ ಬೆರೆಸಿದ ಪುಡಿಯ ಹಾಲುಕಾಫಿ, ನಂತರ ಚಪಾತಿ ಅಥವಾ ಉಪ್ಪಿಟ್ಟು. ಶಾಲೆಗೆ ಒಯ್ಯುವ ಡಬ್ಬಿಯಲ್ಲಿ ಚಪಾತಿ ಮತ್ತು ಈರುಳ್ಳಿ ಹಾಕಿದ ಪಲ್ಯ. ಸಂಜೆ ಮಂಡಕ್ಕಿ ಮೆಣಸಿನಕಾಯಿ. ರಾತ್ರಿ ಅನ್ನ ಅಥವಾ ಮುದ್ದೆಯೊಡನೆ ತೊಗರಿಬೇಳೆ ಸಾರು, ಕೆಲವೊಮ್ಮೆ ಹುರುಳಿಕಾಳಿನ ಸಾರು. ನಿಮ್ಮ ಹೊಟ್ಟೆ ಉಬ್ಬರ ಪ್ರತಿದಿನ ಸಂಜೆ ಹೆಚ್ಚುತ್ತದೆ. ಮರುದಿನ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಮಲವನ್ನು ಗಟ್ಟಿಯಿಂದ ನೀರಿನವರೆಗೆ ಏಳು ಬಗೆಯಾಗಿ ವಿಂಗಡಿಸುವ ಬ್ರಿಸ್ಟಲ್ ಪಟ್ಟಿಯ 6ನೇ ಬಗೆಯ ಸಡಿಲ ಮಲ ಎರಡು ಮೂರು ಬಾರಿ ಆಗುತ್ತದೆ. ಈರುಳ್ಳಿ, ಗೋಧಿ ಮತ್ತು ಕಾಳು ಮೂರೂ ಒಂದೇ ದಿನ ಸೇರಿದಾಗ ನೋವು 10ರಲ್ಲಿ 7 ಎಂದು ನೀವೇ ಗುರುತಿಸಿದ್ದೀರಿ. ತವರು ಚಿತ್ರದುರ್ಗ ಜಿಲ್ಲೆಯ ಈರುಳ್ಳಿ ಬೆಳೆಯುವ ಊರಾದ್ದರಿಂದ ಮನೆಯಲ್ಲಿ ಈರುಳ್ಳಿಯಿಲ್ಲದ ಅಡುಗೆಯೇ ಇಲ್ಲ ಎಂದು ನೀವು ಹೇಳಿದ ಮಾತನ್ನು ಗಮನಿಸಿಕೊಂಡಿದ್ದೇನೆ. ಈ ಯೋಜನೆಯಲ್ಲಿ ಅತಿ ಕಠಿಣವಾದ ಭಾಗವೂ ಅದೇ.

ಮತ್ತೊಂದು ವಿಷಯ ನನಗೆ ಕಳವಳ ತಂದಿದೆ. ಅವರಿವರ ಮಾತು ಕೇಳಿ ನೀವು ಮೊಸರು, ಬದನೆಕಾಯಿ, ಶೇಂಗಾ, ಆಲೂಗಡ್ಡೆ ಮತ್ತು ಹುಳಿ ಹಣ್ಣುಗಳನ್ನು ಬಿಟ್ಟಿದ್ದೀರಿ. ಒಂದು ವರ್ಷದಲ್ಲಿ ಮೂರು ಕಿಲೋ ಇಳಿದಿದ್ದೀರಿ. ತೂಕ ಇಳಿದಿರುವುದನ್ನು ನಿಮ್ಮ ವೈದ್ಯರಿಗೆ ತಿಳಿಸಿದ್ದೇನೆ. ಊಟ ಕಡಿಮೆಯಾದದ್ದೇ ಕಾರಣವೆಂದು ಅವರೂ ಒಪ್ಪಿದ್ದಾರೆ. ಬಿಟ್ಟಿರುವವುಗಳಲ್ಲಿ ಬಹುಪಾಲನ್ನು ಈ ವಾರವೇ ತಟ್ಟೆಗೆ ಮರಳಿ ತರುತ್ತಿದ್ದೇವೆ.

ಕಾರಣ

ಫಾಡ್‌ಮ್ಯಾಪ್ ಎಂಬುದು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದ, ಬೇಗನೆ ಹುದುಗುವ ಕಾರ್ಬೋಹೈಡ್ರೇಟುಗಳ ಗುಂಪಿಗೆ ಇಟ್ಟ ಹೆಸರು. ಗೋಧಿ, ಈರುಳ್ಳಿ, ಬೆಳ್ಳುಳ್ಳಿಗಳ ಫ್ರಕ್ಟಾನ್, ಬೇಳೆಕಾಳುಗಳ ಗ್ಯಾಲಕ್ಟೋ-ಆಲಿಗೋಸ್ಯಾಕರೈಡ್, ಹಾಲಿನ ಲ್ಯಾಕ್ಟೋಸ್, ಜೇನು ಮತ್ತು ಮಾವಿನಲ್ಲಿ ಹೆಚ್ಚಾಗಿರುವ ಫ್ರಕ್ಟೋಸ್, ಹೂಕೋಸು, ಅಣಬೆ, ಸೇಬುಗಳಂಥವುಗಳಲ್ಲಿರುವ ಮ್ಯಾನಿಟಾಲ್, ಸಾರ್ಬಿಟಾಲ್ ಮೊದಲಾದ ಪಾಲಿಯಾಲ್‌ಗಳು ಇದರಲ್ಲಿ ಸೇರಿವೆ. ಇವುಗಳಲ್ಲಿ ಕೆಲವು ಕರುಳಿನೊಳಕ್ಕೆ ನೀರನ್ನು ಸೆಳೆಯುತ್ತವೆ. ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ವಾಯು ಉಂಟುಮಾಡುತ್ತವೆ. ಇದು ಎಲ್ಲರಲ್ಲಿಯೂ ನಡೆಯುವ ಕ್ರಿಯೆ. ಐಬಿಎಸ್ ಇರುವವರ ಕರುಳಿನ ನರಗಳು ಆ ಹಿಗ್ಗುವಿಕೆಯನ್ನು ನೋವಾಗಿ ಗ್ರಹಿಸುತ್ತವೆ ಎಂಬುದಷ್ಟೇ ವ್ಯತ್ಯಾಸ. ಆದ್ದರಿಂದ ಈ ಆಹಾರಗಳು ನಿಮಗೆ ವಿಷವೂ ಅಲ್ಲ, ಅಲರ್ಜಿಯೂ ಅಲ್ಲ; ಪ್ರಶ್ನೆ ಪ್ರಮಾಣದ್ದು. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಈ ಪದ್ಧತಿಯನ್ನು ನಮ್ಮ ಅಡುಗೆಗೆ ಹೊಂದಿಸುವಾಗ ಅಳತೆಯ ಮೇಲೆಯೇ ಹೆಚ್ಚು ಗಮನ ಬೇಕಾಗುತ್ತದೆ.

ಮೊದಲ ಹಂತ: ನಾಲ್ಕು ವಾರ

ಸಾಮಾನ್ಯವಾಗಿ ಈ ಹಂತಕ್ಕೆ ಎರಡರಿಂದ ಆರು ವಾರ ಸಾಕು. ನಿಮ್ಮ ತೂಕವನ್ನು ಗಮನದಲ್ಲಿಟ್ಟು ನಾಲ್ಕು ವಾರ ಮೀರಬಾರದೆಂದು ನಿಗದಿ ಮಾಡಿದ್ದೇನೆ.

ಅನ್ನ, ಅವಲಕ್ಕಿ, ಮಂಡಕ್ಕಿ, ಅಕ್ಕಿರೊಟ್ಟಿ ಮತ್ತು ಜೋಳದ ರೊಟ್ಟಿ ನಿಮ್ಮ ಮುಖ್ಯ ಆಹಾರವಾಗಲಿ. ಡಬ್ಬಿಗೆ ಚಪಾತಿಯ ಬದಲು ಮೆತ್ತಗಿನ ಜೋಳದ ರೊಟ್ಟಿ, ಬದನೆ, ಬೆಂಡೆ, ಬೀನ್ಸ್ ಅಥವಾ ಕ್ಯಾರೆಟ್ ಪಲ್ಯ ಹಾಕಿಕೊಳ್ಳಿ. ರಾಗಿಯನ್ನು ಪೂರ್ತಿ ಬಿಡಬೇಡಿ. ದಿನಕ್ಕೆ ಒಂದು ಚಿಕ್ಕ ಮುದ್ದೆ ಇರಲಿ, ಕ್ಯಾಲ್ಸಿಯಂಗೆ ಅದು ಬೇಕು. ಮುದ್ದೆ ತಿಂದ ರಾತ್ರಿ ಆಗುವ ತೊಂದರೆಯನ್ನು ನೀವು ರಾಗಿಯ ಮೇಲೆ ಹೊರಿಸಿದ್ದೀರಿ. ಆದರೆ ದಿನಚರಿ ನೋಡಿದರೆ ಅದರ ಜೊತೆಗಿದ್ದ ಹುರುಳಿಸಾರು ಮತ್ತು ಈರುಳ್ಳಿಯ ಮೇಲೆಯೇ ನನ್ನ ಅನುಮಾನ.

ಈರುಳ್ಳಿ ಮತ್ತು ಬೆಳ್ಳುಳ್ಳಿಯ ವಿಷಯದಲ್ಲಿ ಅತ್ತೆಯವರು ವಿಶೇಷ ಗಮನ ಕೊಡಬೇಕೆಂದು ಕೋರುತ್ತೇನೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಸಾರಿನಲ್ಲಿ ಈರುಳ್ಳಿ ಕುದಿಸಿ, ಬಡಿಸುವಾಗ ಹೋಳುಗಳನ್ನು ತೆಗೆದರೆ ಪ್ರಯೋಜನವಿಲ್ಲ. ಅದು ಆಗಲೇ ಸಾರಿಗೆ ಇಳಿದಿರುತ್ತದೆ. ಆದರೆ ಒಗ್ಗರಣೆಯ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳುಗಳನ್ನು ಹುರಿದು, ಎಸಳುಗಳನ್ನೆಲ್ಲ ಹೊರತೆಗೆದ ನಂತರ ಸಾಸಿವೆ, ಕರಿಬೇವು ಹಾಕಿದರೆ ಘಮ ಉಳಿಯುತ್ತದೆ, ತೊಂದರೆ ಉಳಿಯುವುದಿಲ್ಲ. ಈರುಳ್ಳಿ ಗಿಡದ ಹಸಿರು ಸೊಪ್ಪಿನ ಭಾಗವನ್ನು ಬಳಸಬಹುದು, ಬಿಳಿಯ ಗಡ್ಡೆಯನ್ನು ಬಳಸಬಾರದು. ಇಂಗು ನಡೆಯುತ್ತದೆ, ಅಂಗಡಿಯ ಪುಡಿ ಇಂಗಿನಲ್ಲಿ ಗೋಧಿಹಿಟ್ಟು ಬೆರೆತಿರಬಹುದಾದ್ದರಿಂದ ಒಂದು ಚಿಟಿಕೆ ಮೀರುವುದು ಬೇಡ. ಸಾಂಬಾರ್ ಪುಡಿ, ಶೇಂಗಾ ಚಟ್ನಿಪುಡಿಗಳನ್ನು ಬೆಳ್ಳುಳ್ಳಿಯಿಲ್ಲದೆ ನಿಮಗಾಗಿ ಪ್ರತ್ಯೇಕ ಮಾಡಿಟ್ಟುಕೊಂಡರೆ ಇಡೀ ಮನೆಯವರು ಪಥ್ಯ ಮಾಡಬೇಕಾಗಿಲ್ಲ.

ತೊಗರಿ, ಹುರುಳಿ, ಅವರೆ, ಅಲಸಂದೆ ಈ ನಾಲ್ಕು ವಾರ ಬೇಡ. ಹೆಸರುಬೇಳೆಯನ್ನು ನೆನೆಸಿ, ನೆನೆದ ನೀರನ್ನು ಚೆಲ್ಲಿ, ಬೇಯಿಸಿದ ಮೇಲೆ ಕಾಲು ಕಪ್ಪಿನಷ್ಟು ತೆಗೆದುಕೊಳ್ಳಬಹುದು. ಹುದುಗಿದ ಹಿಟ್ಟಿನ ಇಡ್ಲಿ, ದೋಸೆಗೆ ಅಡ್ಡಿಯಿಲ್ಲ. ಬೆಣ್ಣೆದೋಸೆ ತಿನ್ನಬಹುದೇ ಎಂದು ಕೇಳಿದ್ದಿರಿ. ಬೆಣ್ಣೆಯಲ್ಲಿ ಲ್ಯಾಕ್ಟೋಸ್ ಅತ್ಯಲ್ಪ; ಹೋಟೆಲಿನಲ್ಲಿ ತೊಂದರೆ ಕೊಡುವುದು ಜೊತೆಗೆ ಬರುವ ಈರುಳ್ಳಿ ಬೆರೆಸಿದ ಆಲೂಗಡ್ಡೆ ಪಲ್ಯ. ಅಲ್ಲದೆ ಒಮ್ಮೆಲೇ ಹೆಚ್ಚು ಜಿಡ್ಡು ಸೇರಿದರೂ ಐಬಿಎಸ್ ಇರುವ ಕರುಳು ಕೆರಳಬಹುದು. ಮನೆಯಲ್ಲಿಯೇ ಒಂದು ದೋಸೆಗೆ ಒಂದು ಚಮಚ ಬೆಣ್ಣೆ ಹಾಕಿ, ಕಾಯಿಚಟ್ನಿಯೊಡನೆ ತಿನ್ನಿ. ಸಂಜೆಯ ಮಂಡಕ್ಕಿಗೆ ಶೇಂಗಾ, ಸೌತೆಕಾಯಿ, ಕೊತ್ತಂಬರಿ, ನಿಂಬೆರಸ ಸಾಕು. ಕಡಲೆಹಿಟ್ಟಿನ ಮೆಣಸಿನಕಾಯಿ ಸದ್ಯಕ್ಕೆ ಬೇಡ.

ಕಾಫಿಪುಡಿ ಚಿಕೋರಿಯಿಲ್ಲದ್ದಾಗಿರಲಿ, ಏಕೆಂದರೆ ಚಿಕೋರಿ ಬೇರಿನಲ್ಲಿ ಫ್ರಕ್ಟಾನ್ ಜಾತಿಯ ಇನ್ಯುಲಿನ್ ಹೇರಳವಾಗಿದೆ. ಕಾಫಿ, ಚಹಾ ಸೇರಿ ದಿನಕ್ಕೆ ಎರಡು ಲೋಟ, ಲ್ಯಾಕ್ಟೋಸ್ ರಹಿತ ಹಾಲಿನಲ್ಲಿ. ಹಣ್ಣುಗಳಲ್ಲಿ ಪಪ್ಪಾಯ, ಕಿತ್ತಳೆ, ಅನಾನಸ್ ಮತ್ತು ಹೆಚ್ಚು ಕಳಿಯದ ಬಾಳೆಹಣ್ಣನ್ನು ಒಂದು ಹೊತ್ತಿಗೆ ಒಂದರಂತೆ ತೆಗೆದುಕೊಳ್ಳಿ. ಕಲ್ಲಂಗಡಿ, ಸೇಬು, ಮಾವು, ಖರ್ಜೂರ, ಗೋಡಂಬಿ ನಿಲ್ಲಿಸಿ.

ನಾಲ್ಕು ವಾರಗಳ ನಂತರವೂ ನೋವು, ಉಬ್ಬರ ಕಡಿಮೆಯಾಗದಿದ್ದರೆ ಇನ್ನಷ್ಟು ಬಿಗಿಗೊಳಿಸುವುದಿಲ್ಲ. ಈ ಪದ್ಧತಿ ಎಲ್ಲರಿಗೂ ಫಲ ಕೊಡುವುದಿಲ್ಲ. ಆಗ ಹಳೆಯ ಊಟಕ್ಕೆ ಮರಳಿ, ಬೇರೆ ಚಿಕಿತ್ಸೆಯನ್ನು ವೈದ್ಯರೊಡನೆ ಯೋಚಿಸುತ್ತೇವೆ.

ಎರಡನೇ ಹಂತ: ಮರುಪರಿಚಯ

ಈ ಹಂತ ಆರರಿಂದ ಎಂಟು ವಾರ ಹಿಡಿಯಬಹುದು. ಉಳಿದ ಊಟವೆಲ್ಲ ಮೊದಲ ಹಂತದಂತೆಯೇ ಇರಬೇಕು. ಒಂದು ಬಾರಿಗೆ ಒಂದೇ ಗುಂಪಿನ ಒಂದೇ ಆಹಾರವನ್ನು ಮೂರು ದಿನ ಪ್ರಮಾಣ ಏರಿಸುತ್ತಾ ತಿಂದು, ನಂತರ ಮೂರು ದಿನ ಬಿಡುವು ಕೊಡಬೇಕು. ಮೊದಲ ದಿನವೇ ನೋವು ಹೆಚ್ಚಾದರೆ ಪ್ರಮಾಣ ಏರಿಸದೆ ನಿಲ್ಲಿಸಿ, ಹೊಟ್ಟೆ ಸುಸ್ಥಿತಿಗೆ ಬಂದ ಮೇಲೆ ಮುಂದಿನ ಗುಂಪಿಗೆ ಹೋಗಿ. ಮುಟ್ಟಿನ ದಿನಗಳಲ್ಲಿ, ಪರೀಕ್ಷೆ ಕರ್ತವ್ಯದ ಒತ್ತಡವಿರುವ ವಾರದಲ್ಲಿ, ಮದುವೆ ಮನೆಯ ಊಟವಿರುವಾಗ ಹೊಸ ಪರೀಕ್ಷೆ ಆರಂಭಿಸಬೇಡಿ, ಫಲಿತಾಂಶ ನಂಬಲಾಗದು.

ಹಾಲಿನಿಂದ ಆರಂಭಿಸೋಣ: ಕಾಲು ಲೋಟ, ಅರ್ಧ ಲೋಟ, 250 ಮಿ.ಲೀ. ಹಾಲು ಒಗ್ಗಿದರೆ ಮೊಸರು, ಮಜ್ಜಿಗೆಗೆ ಬೇರೆ ಪರೀಕ್ಷೆ ಬೇಡ. ನಂತರ ಗೋಧಿ: ಅರ್ಧ ಚಪಾತಿ, ಒಂದು, ಎರಡು. ಆಮೇಲೆ ತೊಗರಿಬೇಳೆ: ಬೆಂದ ಬೇಳೆ ಕಾಲು ಕಪ್, ಅರ್ಧ, ಮುಕ್ಕಾಲು, ಈರುಳ್ಳಿ ಬೆಳ್ಳುಳ್ಳಿಯಿಲ್ಲದೆ. ಈರುಳ್ಳಿ ಮತ್ತು ಬೆಳ್ಳುಳ್ಳಿಯಲ್ಲಿಯೂ ಗೋಧಿಯಲ್ಲಿರುವ ಫ್ರಕ್ಟಾನೇ ಇದ್ದರೂ ಇವುಗಳನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು, ಏಕೆಂದರೆ ಚಪಾತಿ ತಾಳುವ ಹಲವರಿಗೆ ಈರುಳ್ಳಿ ತಾಳದು. ಬೇಯಿಸಿದ ಈರುಳ್ಳಿ ಒಂದು ಚಮಚ, ಎರಡು ಚಮಚ, ಕಾಲು ಗಡ್ಡೆ. ಬೆಳ್ಳುಳ್ಳಿ ಕಾಲು ಎಸಳು, ಅರ್ಧ, ಒಂದು. ಫ್ರಕ್ಟೋಸ್‌ಗೆ ಜೇನು ಒಂದರಿಂದ ಮೂರು ಚಹಾ ಚಮಚದವರೆಗೆ, ಮ್ಯಾನಿಟಾಲ್‌ಗೆ ಬೇಯಿಸಿದ ಗೆಣಸು ಅರ್ಧ ಕಪ್ಪಿನಿಂದ ಒಂದು ಕಪ್ಪಿನವರೆಗೆ. ಸಾರ್ಬಿಟಾಲ್ ಹೆಚ್ಚಿರುವ ಹಣ್ಣುಗಳು ನಿಮ್ಮ ಮನೆಗೆ ಬರುವುದು ಅಪರೂಪವಾದ್ದರಿಂದ ಆ ಪರೀಕ್ಷೆಯನ್ನು ಕೈಬಿಟ್ಟಿದ್ದೇನೆ. ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಿಂದ ಮಾತ್ರ ದೂರವಿರಿ.

ದಿನಚರಿಯಲ್ಲಿ ತಿಂದ ಪ್ರಮಾಣ, ಹೊತ್ತು, ನೋವು ಮತ್ತು ಉಬ್ಬರಕ್ಕೆ 10ರಲ್ಲಿ ಅಂಕ, ಮಲದ ಬಗೆ, ನಿದ್ರೆ ಇಷ್ಟನ್ನು ಬರೆಯಿರಿ. ಉದಾಹರಣೆಗೆ: “ಗೋಧಿ, ಎರಡನೇ ದಿನ, ಮಧ್ಯಾಹ್ನ 1.30ಕ್ಕೆ ಒಂದು ಚಪಾತಿ, ಸಂಜೆ ಉಬ್ಬರ 3, ನೋವು 1, ಮರುದಿನ ಬೆಳಿಗ್ಗೆ 4ನೇ ಬಗೆ, ಒಂದು ಬಾರಿ, ನಿದ್ರೆ ಚೆನ್ನಾಗಿತ್ತು.” ಹಾಗೆ ಬರೆದಿದ್ದರೆ ಒಂದು ಚಪಾತಿ ಒಗ್ಗಿತೆಂದೇ ಅರ್ಥ, ಸ್ವಲ್ಪ ವಾಯು ಆಗುವುದು ಸೋಲಲ್ಲ.

ಮೂರನೇ ಹಂತ: ನಿಮ್ಮದೇ ಊಟ

ಒಗ್ಗಿದವುಗಳನ್ನೆಲ್ಲ ನಿತ್ಯದ ಊಟಕ್ಕೆ ಸೇರಿಸಿ. ಒಗ್ಗದವುಗಳನ್ನು ತಾಳುವ ಪ್ರಮಾಣಕ್ಕೆ ಇಳಿಸಿ, ಕೆಲವು ತಿಂಗಳ ನಂತರ ಮತ್ತೆ ಪರೀಕ್ಷಿಸಿ, ಏಕೆಂದರೆ ತಾಳಿಕೆ ಬದಲಾಗುತ್ತದೆ. ಈ ಕಾರ್ಬೋಹೈಡ್ರೇಟುಗಳು ಕರುಳಿನ ಹಿತಕರ ಬೈಫಿಡೋಬ್ಯಾಕ್ಟೀರಿಯಾಗಳಿಗೆ ಆಹಾರವಾದ್ದರಿಂದ ದೀರ್ಘಕಾಲ ಬಿಟ್ಟರೆ ಅವು ಕುಗ್ಗುತ್ತವೆ. ಬೇರೆ ಬೇರೆಯಾಗಿ ಒಗ್ಗಿದ ಆಹಾರಗಳು ಒಂದೇ ಊಟದಲ್ಲಿ ಸೇರಿದಾಗ ಭಾರವಾಗಬಹುದು ಎಂಬುದನ್ನೂ ನೆನಪಿಡಿ. ಬೇಳೆ ಹೂರಣ ಮತ್ತು ಮೈದಾದ ಕಣಕ ಸೇರಿದ ಹೋಳಿಗೆ ಅಂಥದ್ದು. ಹಬ್ಬದ ದಿನ ಒಂದು ಹೋಳಿಗೆ ತಿನ್ನುವುದಾದರೆ ಆ ಹೊತ್ತಿಗೆ ಹಾಲು ಮತ್ತು ಕೋಸಂಬರಿಯನ್ನು ಬಿಟ್ಟುಬಿಡಿ.

ಮೊದಲ ಹಂತದ ಎರಡನೇ ವಾರದ ಕೊನೆಗೆ ತೂಕ ನೋಡಲು ಬನ್ನಿ. 53 ಕಿಲೋಗಿಂತ ಕಡಿಮೆಯಾಗಿದ್ದರೆ ಅಲ್ಲಿಗೇ ಎರಡನೇ ಹಂತಕ್ಕೆ ಹೋಗುತ್ತೇವೆ. ನಾಲ್ಕನೇ ವಾರದ ಕೊನೆಗೆ ದಿನಚರಿಯೊಡನೆ, ಸಾಧ್ಯವಾದರೆ ಅತ್ತೆಯವರೊಡನೆ ಬನ್ನಿ. ಮಲದಲ್ಲಿ ರಕ್ತ, ಜ್ವರ ಅಥವಾ ರಾತ್ರಿ ಎಬ್ಬಿಸುವ ಭೇದಿ ಕಂಡರೆ ಆ ದಿನಾಂಕಕ್ಕೆ ಕಾಯದೆ ನೇರವಾಗಿ ನಿಮ್ಮ ವೈದ್ಯರನ್ನು ಕಾಣಿ.