ಮೂರನೇ ಪ್ಯಾರಾ

ನಿರ್ಮಲಾ ಮೇಡಂ ಪ್ರಬಂಧವನ್ನು ಮತ್ತೊಮ್ಮೆ ಓದಿದರು. ವಿಷಯ 'ನೆರಳು'. ಅನಘಾ ತರಗತಿಗೇ ಜಾಣೆ, ನಿಜ. ಆದರೆ ಹೊಡೆದುಹಾಕಿ ತಿದ್ದದ ಪುಟವೇ ಅವಳ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಇಲ್ಲಿ ಒಂದು ಗೀಟೂ ಇಲ್ಲ. ಮೂರನೇ ಪ್ಯಾರಾದಲ್ಲಂತೂ 'ಅಸ್ತಿತ್ವದ ಅನಿವಾರ್ಯ ಸಹಚರ' ಎಂಬ ಮಾತು. 14ರ ಹುಡುಗಿ ಹೀಗೆ ಬರೆಯಬಾರದೆಂದೇನಿಲ್ಲ, ಆದರೂ. ಕೆಂಪು ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು.

ಶಾಲೆ ಬಿಟ್ಟ ಮೇಲೆ ಕರೆದು ಪಕ್ಕದ ಕುರ್ಚಿ ತೋರಿಸಿದರು. "ಚೆನ್ನಾಗಿದೆ ಕಣೇ. ಬರೆಯುವಾಗ ಏನೇನು ತೆಗೆದುಹಾಕಿದೆ, ಹೇಳು."

ಅನಘಾಳ ಮುಖ ಅರಳಿತು. "ಕರೆಂಟ್ ಹೋದಾಗ ನನ್ನ ತಮ್ಮ ಗೋಡೆ ಮೇಲೆ ಕೈಯಲ್ಲಿ ಮೊಲ ಮಾಡ್ತಾನೆ, ಅದಿತ್ತು ಮೇಡಂ. ಕಿವಿ ಸರಿಯಾಗಿ ಬರಲ್ಲ, ನರಿ ಥರ ಕಾಣತ್ತೆ. ಚಿಕ್ಕ ಮಕ್ಕಳ ಮಾತು ಅನ್ನಿಸ್ತು, ತೆಗೆದೆ."

"ಅದರ ಜಾಗಕ್ಕೆ ಏನು ಬಂತು?"

ಅವಳು ಉಗುರು ಕಚ್ಚಿದಳು. "ಮೂರನೇ ಪ್ಯಾರಾ... ಅದು ಒಂದು ಪುಸ್ತಕದ್ದು. ಉಳಿದಿದ್ದೆಲ್ಲ ನಂದೇ. ಆಮೇಲೆ ನೀಟಾಗಿ ಕಾಪಿ ಮಾಡ್ದೆ."

"ಗೊತ್ತಾಗುತ್ತೆ. ಆ ಪ್ಯಾರಾ ತೆಗೆದು ಮೊಲಾನ ವಾಪಸ್ ಹಾಕು. ನಾಳೆ ಕೊಡು, ಅಂಕ ಆಮೇಲೆ ನೋಡೋಣ."

"ಮೊಲಾನಾ, ನರೀನಾ ಮೇಡಂ?"