ದೊಡ್ಡವ್ವನ ನಾಲ್ಕು ನಿಮಿಷ, ರೊಟ್ಟಿ ಅಕ್ಕನಿಗೆ ಮೂರು ಸಾಲು

ಮಂಗಳವಾರ ರಾತ್ರಿ ಒಂಬತ್ತೂವರೆಗೆ ಹುಬ್ಬಳ್ಳಿಯಿಂದ ದೊಡ್ಡವ್ವನ ವಾಯ್ಸ್ ಮೆಸೇಜ್ ಬಂತು. ನಾಲ್ಕು ನಿಮಿಷದ್ದು. ಹಳೇ ಹುಬ್ಬಳ್ಳಿಯ ರೊಟ್ಟಿ ಅಕ್ಕನಿಗೆ ಇದನ್ನು ಬರೆದು ಕಳಿಸು ಅಂತ ಕೊನೆಗೆ ಹೇಳಿದ್ದಳು. ಅಕ್ಕನ ಕೈ ಯಾವಾಗಲೂ ಹಿಟ್ಟಿನಲ್ಲಿ, ಪಕ್ಕದಲ್ಲಿ ರೊಟ್ಟಿ ಬಡಿಯುವ ಸದ್ದು. ಆಡಿಯೋ ಕೇಳೋದು ಆಗದ ಮಾತು. ಬರೆದು ಕಳಿಸಿದರೆ ಶಾಲೆಗೆ ಹೋಗುವ ಮಗ ಓದಿ ಹೇಳುತ್ತಾನೆ. ಮೊದಲು ಕೇಳಿದ್ದನ್ನು ಕೇಳಿದ ಹಾಗೇ ಬರೆದುಕೊಂಡೆ.

"ಹಲೋ… ಕೇಳಸ್ತದೇನವಾ? ಕೆಂಪಗಾತು, ಅಂದ್ರ ಹತ್ತಿದಂಗ ಅಲ್ಲ? ಹಾಂ. ಊಟ ಆತಿಲ್ಲೋ? ನಮ್ದ ಈಗರೆ ಆತು. ಇವತ್ತ ಧಾರವಾಡಕ್ಕ ಬಂದಿದ್ದೆ, ನಿಮ್ಮನಿಗೂ ಬರಬೇಕಂತ ಮಾಡಿದ್ದೆ, ಹೊತ್ತಾತು. ಚಿಗರಿ ಬಸ್ಸಿನ್ಯಾಗ ನಿಂತ ಬಂದೀನಿ, ಮೊಣಕಾಲ ಹಿಡಕೊಂಡಾವ. ಇರ್ಲಿ. ನಾ ಯಾಕ ಹೇಳಾಕತ್ತೀನಂದ್ರ, ಶುಕ್ರವಾರ ಪೂಜಾ ಒಂಬತ್ತಕ್ಕ ಇಟ್ಟಾರ. ಹತ್ತೂವರಿಗೆ ರಾಹುಕಾಲ ಹತ್ತತದ, ಅಷ್ಟರಾಗ ಎಲ್ಲಾ ಮುಗೀಬೇಕಂತ. ಅಳಿಯಂದ್ರು ಗದಗಿನಿಂದ ಗಾಡಿಗೆ ಬರ್ತಾರ, ಎಂಟಕ್ಕ ಸ್ಟೇಷನ್ನಿಗೆ ಯಾರರೆ ಹೋಗಬೇಕು. ಆ ಪ್ಲಾಟ್‌ಫಾರ್ಮ್ ಏನ್ ಉದ್ದ ಮಾಡ್ಯಾರವಾ, ಹೋದ ಸಲ ಒಂದ ತುದಿಗೆ ನಾ, ಇನ್ನೊಂದ ತುದಿಗೆ ಅವ್ರು. ಅದಿರ್ಲಿ. ರೊಟ್ಟಿ. ಆಕಿಗೆ ನೂರಾ ಐವತ್ತ ಹೇಳಿದ್ದೆ, ಅಲ್ಲ? ಶುಕ್ರವಾರ ಮುಂಜಾನಿಗೆ. ಈಗ ಹಾವೇರಿ ಮಂದೀನೂ ಬರ್ತೀವಂತಾರ, ಇನ್ನೂರ ಬೇಕಾಗ್ತಾವ. ಮೆತ್ತನ್ನವು ಬ್ಯಾಡ, ಅವು ಆಗಿಂದಾಗ ತಿನ್ನವು, ಎಲ್ಲಾ ಖಡಕ್ಕ ಇರ್ಲಿ. ಮತ್ತ ಶುಕ್ರವಾರ ಬ್ಯಾಡ. ಮುಂಜಾನೆ ನಾವೆಲ್ಲಾ ಪೂಜಾದಾಗ ಕುಂತಿರ್ತೀವಿ, ಬಾಗಲಾ ತಗಿಯವ್ರ ಯಾರು? ನಾಡದ ತಂದ್ಬಿಡು ಅನ್ನು. ಮಧ್ಯಾಹ್ನ ಬ್ಯಾಡ, ಒಂದೂವರಿಂದ ಮೂರರ ತನಕ ರಾಹುಕಾಲ. ಐದಕ್ಕ ಅನ್ನು. ಅಯ್ಯ, ಐದಕ್ಕ ನಾ ದುರ್ಗದ ಬೈಲಿನ್ಯಾಗ ಇರ್ತೀನಿ, ಹೂ ತರಾಕ. ಆರು. ಆರಕ್ಕ ಅನ್ನು. ಈ ಮನಿಗೆ ಅಲ್ಲ, ಕೇಶ್ವಾಪುರದ ಹೊಸ ಮನಿಗೆ, ಆಕಿ ನೋಡ್ಯಾಳ. ನಾಮಕರಣದಾಗ ರೊಟ್ಟಿ ಬರೂದ್ರಾಗ ಮಂದಿ ಅನ್ನಕ್ಕ ಕೈ ಹಾಕಿದ್ರು, ಆಕೀದೇನ್ ತಪ್ಪಿಲ್ಲ, ರಸ್ತೆ ಬಂದ್ ಇತ್ತು. ಆಕಿಗೆ ಅದನ್ನ ಹೇಳಬ್ಯಾಡ ಮತ್ತ. ಆಗಂಗಿಲ್ಲಂದ್ರ ನಾಳೆ ರಾತ್ರಿಯೊಳಗ ಫೋನ್ ಮಾಡು ಅನ್ನು, ನಾ ಬ್ಯಾರೆ ಕಡೆ ನೋಡ್ತೀನಿ. ಏನವಾ, ಬರದು ಹಾಕ್ತೀಯಲ್ಲ? ಇದನ್ನ ಹೆಂಗ ಬಂದ್ ಮಾಡೂದು…"

ಪ್ಲಾಟ್‌ಫಾರ್ಮಿನ ಮಾತು ಬಿಡಲು ನನಗೇ ಮನಸ್ಸಾಗಲಿಲ್ಲ. ದೊಡ್ಡವ್ವ ಉತ್ಪ್ರೇಕ್ಷೆ ಮಾಡುವವಳೇ, ಆದರೆ ಇಲ್ಲಿ ಮಾಡಿಲ್ಲ. 2023ರಲ್ಲಿ ಉದ್ಘಾಟನೆಯಾದ ಆ ಪ್ಲಾಟ್‌ಫಾರ್ಮ್ 1507 ಮೀಟರ್, ಅಂದರೆ ಒಂದೂವರೆ ಕಿಲೋಮೀಟರ್. ಆದರೂ ರೊಟ್ಟಿ ಅಕ್ಕನಿಗೆ ಅದು ಬೇಕಿಲ್ಲ.

ನಾನು ಬರೆಯುವಷ್ಟರಲ್ಲಿ ತಮ್ಮ ಅವಸರ ಮಾಡಿ ತನ್ನದೊಂದು ಟೈಪ್ ಮಾಡಿ ತೋರಿಸಿದ: "ದೊಡ್ಡವ್ವಗ ಇನ್ನೂ 200 ರೊಟ್ಟಿ ಬೇಕಂತ, ನಾಡಿದ್ದು ಸಂಜೆ 5ಕ್ಕೆ."

ಒಂದೇ ಸಾಲು, ತಪ್ಪು ಮೂರು. "ಇನ್ನೂ 200" ಅಂದರೆ ಅಕ್ಕ ಹಳೇ 150ಕ್ಕೆ ಕೂಡಿಸುತ್ತಾಳೆ. 350 ರೊಟ್ಟಿ ಬಂದರೆ ಹಾವೇರಿಯವರು ಹೋಗುವಾಗ ಕಟ್ಟಿ ಕೊಡಬೇಕಾದೀತು. ಐದು ಗಂಟೆಯನ್ನು ದೊಡ್ಡವ್ವ ಹೇಳಿದ ಉಸಿರಲ್ಲೇ ವಾಪಸ್ ತಗೊಂಡಿದ್ದಾಳೆ, ತಮ್ಮ ಅಲ್ಲಿಗೇ ಕೇಳೋದು ನಿಲ್ಲಿಸಿದ್ದಾನೆ. ಎಲ್ಲಕ್ಕಿಂತ ಕೆಟ್ಟದ್ದು "ನಾಡಿದ್ದು". ಮಂಗಳವಾರ ರಾತ್ರಿ ಹೇಳಿದಾಗ ಅದು ಗುರುವಾರ. ಅಕ್ಕನ ಮಗ ಬುಧವಾರ ಬೆಳಿಗ್ಗೆ ಓದಿದರೆ ಅದೇ ಮಾತು ಶುಕ್ರವಾರ ಆಗಿಬಿಡುತ್ತದೆ. ಅಂದರೆ ದೊಡ್ಡವ್ವ ಬೇಡ ಅಂದ ದಿನವೇ.

ಎಣಿಸಿ ನೋಡಿದೆ. ಎಂಟು, ಒಂಬತ್ತು, ಹತ್ತೂವರೆ, ಒಂದೂವರೆ, ಮೂರು, ಐದು, ಆರು. ನಾಲ್ಕು ನಿಮಿಷದಲ್ಲಿ ಏಳು ಸಮಯ! ಇದರಲ್ಲಿ ರೊಟ್ಟಿ ತರಬೇಕಾದ ಹೊತ್ತು ಆರು ಮಾತ್ರ. ಉಳಿದದ್ದರಲ್ಲಿ ಒಂದು ಬರೆದರೂ ಓದುವ ಹುಡುಗ ಯಾವುದನ್ನು ಹಿಡಿದಾನೋ.

ಕಳಿಸಿದ್ದು ಇದು:

"ಅಕ್ಕಾರ, ಶುಕ್ರವಾರದ ಗೃಹಪ್ರವೇಶಕ್ಕೆ ದೊಡ್ಡವ್ವ ಹೇಳಿದ್ದ 150ರ ಬದಲು ಒಟ್ಟು 200 ಜೋಳದ ರೊಟ್ಟಿ ಮಾಡಿ, ಎಲ್ಲಾ ಖಡಕ್ ಇರಲಿ. ಅವನ್ನು ಶುಕ್ರವಾರ ಬೆಳಿಗ್ಗೆ ಅಲ್ಲ, ಒಂದು ದಿನ ಮೊದಲೇ, ಗುರುವಾರ ಸಂಜೆ 6 ಗಂಟೆಗೆ ಕೇಶ್ವಾಪುರದ ಹೊಸ ಮನೆಗೆ ತಂದು ಕೊಡಿ. ಆಗೋದಿಲ್ಲ ಅಂದರೆ ಬುಧವಾರ ರಾತ್ರಿಯೊಳಗೆ ದೊಡ್ಡವ್ವನಿಗೆ ಒಂದು ಫೋನ್ ಮಾಡಿ."

ಮೂರೇ ವಾಕ್ಯ. "ಒಟ್ಟು" ಅನ್ನೋದನ್ನು ಆಮೇಲೆ ಸೇರಿಸಿದ್ದು, 350ರ ಭಯಕ್ಕೆ. ಶುಕ್ರವಾರ ಎರಡು ಸಲ ಬಂದಿದೆ, ಗೊತ್ತು. ತೆಗೆದು ನೋಡಿದೆ, ಆಗಲಿಲ್ಲ. ಅಕ್ಕನ ತಲೆಯಲ್ಲಿ ಈಗ ಕೂತಿರುವ ದಿನ ಶುಕ್ರವಾರ. ಅದನ್ನು ಹೆಸರು ಹಿಡಿದು ಎಬ್ಬಿಸದಿದ್ದರೆ ಗುರುವಾರಕ್ಕೆ ಜಾಗ ಸಿಗೋದಿಲ್ಲ. ರಾಹುಕಾಲ ಬರೆಯಲಿಲ್ಲ. ಆರು ಗಂಟೆ ಅಂದಮೇಲೆ ಅದರ ಕೆಲಸ ಮುಗಿಯಿತು. ಬಾಗಿಲು ತೆಗೆಯುವವರು ಇಲ್ಲ ಅನ್ನೋ ಕಾರಣವನ್ನು ಹಾಕಲೋ ಬೇಡವೋ ಅಂತ ಸ್ವಲ್ಪ ಹೊತ್ತು ಒದ್ದಾಡಿದೆ. ಅದು ಸೇರಿದರೆ ಎರಡನೇ ವಾಕ್ಯ ಉದ್ದವಾಗಿ, ಹುಡುಗ ಓದುವಾಗ ನಡುವೆ ಉಸಿರು ತಗೊಳ್ಳುತ್ತಿದ್ದ. ಬಿಟ್ಟೆ. ನಾಮಕರಣದ ಕಥೆಯಂತೂ ಹೇಳಬೇಡ ಅಂತ ಅವಳೇ ಹೇಳಿದ್ದಾಳೆ.

ಕಳಿಸುವ ಮೊದಲು ಈ ಮೂರು ವಾಕ್ಯ ದೊಡ್ಡವ್ವನಿಗೇ ಫೋನಿನಲ್ಲಿ ಓದಿ ಹೇಳಿದ್ದೆ. ಅವಳಿಗೆ ಪೂರ್ತಿ ಸಮಾಧಾನ ಆಗಲಿಲ್ಲ. "ಎಲ್ಲಾ ಬರೋಬ್ಬರಿ ಅದ. ಆದ್ರ ಆಕಿ ಆರಾಮದಾಳೇನಂತ ಕೇಳೇ ಇಲ್ಲಲ್ಲವಾ? ಬರೇ ಕೆಲಸದ ಮಾತಾದ್ರ ಹೆಂಗ?" ಮಾತು ಖರೆ. ಆದರೆ ನಾಲ್ಕನೇ ವಾಕ್ಯಕ್ಕೆ ನನ್ನ ಕೈ ಏಳಲಿಲ್ಲ. "ನಾಳೆ ನೀನ ಫೋನ್ ಮಾಡಿ ಕೇಳು" ಅಂದೆ.

ಬುಧವಾರ ಬೆಳಿಗ್ಗೆ ಏಳಕ್ಕೆ ಅಕ್ಕನ ಮಗನಿಂದ ಉತ್ತರ ಬಂತು: "ಅವ್ವ ಹೂಂ ಅಂದ್ಲು. 200, ಗುರುವಾರ 6ಕ್ಕೆ. ಶೇಂಗಾ ಚಟ್ನಿ ಬೇಕೇನು ಅಂತ ಕೇಳ್ಯಾಳ."

ಅದನ್ನು ದೊಡ್ಡವ್ವನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಇನ್ನೊಂದು ವಾಯ್ಸ್ ಮೆಸೇಜ್. ಈ ಸಲ ಆರು ನಿಮಿಷದ್ದು.