ಇಅ್‌ರಾಬ್: ‘ಲಮ್ ಯಕ್ತುಬಿ ತ್ತಾಲಿಬು ದರ್ಸಹು’

ಪ್ರಶ್ನೆ: ಮೇಲಿನ ವಾಕ್ಯದ ಇಅ್‌ರಾಬನ್ನು ಪದಶಃ ವಿವರಿಸಿರಿ.

ಉತ್ತರ: ‘ವಿದ್ಯಾರ್ಥಿಯು ತನ್ನ ಪಾಠವನ್ನು ಬರೆಯಲಿಲ್ಲ’ ಎಂಬುದು ಇದರ ಅರ್ಥ. ಕ್ರಿಯಾಪದ ಮೊದಲು ಬಂದಿರುವುದರಿಂದ ಇದು ಜುಮ್ಲಃ ಫಿಅ್‌ಲಿಯ್ಯಃ.

ಲಮ್: ನಿಷೇಧ, ಜಝ್ಮ್ ಮತ್ತು ಕಲ್ಬ್‌ನ ಹರ್ಫ್, ಅಂದರೆ ಮುಳಾರಿಅ್ ಕ್ರಿಯೆಯ ಅರ್ಥವನ್ನು ಭೂತಕಾಲಕ್ಕೆ ತಿರುಗಿಸುತ್ತದೆ. ಇದು ಸುಕೂನ್ ಮೇಲೆ ಮಬ್ನಿ. ಇದಕ್ಕೆ ಇಅ್‌ರಾಬಿನ ಸ್ಥಾನವಿಲ್ಲ.

ಯಕ್ತುಬಿ: ‘ಲಮ್’ನಿಂದ ಮಜ್ಝೂಮ್ ಆದ ಫಿಅ್‌ಲ್ ಮುಳಾರಿಅ್, ಜಝ್ಮ್‌ನ ಚಿಹ್ನೆ ಸುಕೂನ್. ಆದರೆ ಕಣ್ಣಿಗೆ ಕಾಣುವುದು ‘ಬಾ’ ಅಕ್ಷರದ ಕೆಳಗಿನ ಕಸ್ರಃ. ಮುಂದಿನ ‘ಅಲ್’ನ ಹಂಝತುಲ್ ವಸ್ಲ್ ಓದಿನಲ್ಲಿ ಬಿದ್ದುಹೋಗಿ ಎರಡು ಸುಕೂನ್‌ಗಳು ಒಂದಕ್ಕೊಂದು ತಾಗುವುದರಿಂದ, ಅದನ್ನು ತಪ್ಪಿಸಲು ಈ ಕಸ್ರಃ ಬಂದಿದೆಯೇ ಹೊರತು ಅದು ಇಅ್‌ರಾಬಿನ ಗುರುತಲ್ಲ. ಕಸ್ರಃ ಕಂಡೊಡನೆ ‘ಮಜ್ರೂರ್’ ಎಂದು ಬರೆಯುವುದು ಇಲ್ಲಿಯ ಸಾಮಾನ್ಯ ತಪ್ಪು. ಜರ್ ನಾಮಪದಕ್ಕೆ ಮಾತ್ರ ಸಲ್ಲುತ್ತದೆ, ಕ್ರಿಯಾಪದಕ್ಕೆ ಎಂದೂ ಇಲ್ಲ.

ಅತ್ತಾಲಿಬು: ಫಾಇಲ್, ಮರ್ಫೂಅ್, ಕೊನೆಯಲ್ಲಿ ಸ್ಪಷ್ಟವಾಗಿ ಕಾಣುವ ಳಮ್ಮಃ ರಫ್ಅ್‌ನ ಚಿಹ್ನೆ.

ದರ್ಸಹು: ‘ದರ್ಸ’ ಮಫ್‌ಊಲ್ ಬಿಹಿ, ಮನ್ಸೂಬ್; ಚಿಹ್ನೆ ಫತ್ಹಃ. ಇದೇ ಮುಳಾಫ್ ಕೂಡ ಆಗಿರುವುದರಿಂದ ತನ್ವೀನ್ ಬಂದಿಲ್ಲ. ಕೊನೆಯ ‘ಹು’ ಪ್ರತ್ಯೇಕ ಪದವೆಂಬುದನ್ನು ಮರೆಯಬಾರದು: ಅದು ಳಮ್ಮಃ ಮೇಲೆ ಮಬ್ನಿಯಾದ ಳಮೀರ್ ಮುತ್ತಸಿಲ್, ಮುಳಾಫ್ ಇಲೈಹಿ ಆಗಿ ಜರ್‌ನ ಸ್ಥಾನದಲ್ಲಿದ್ದು, ‘ಅತ್ತಾಲಿಬು’ವನ್ನು ಸೂಚಿಸುತ್ತದೆ.